ರೊಟ್ಟಿ ತಟ್ಟುವುದೋ, ಬಡಿಯುವುದೋ?

ಕರಡು ತಿದ್ದುವ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ರೊಟ್ಟಿಯದು. ಧಾರವಾಡ ಸೀಮೆಯ ನಿವೃತ್ತ ಕಂಡಕ್ಟರೊಬ್ಬರ ಆತ್ಮಕಥೆ ಕೈಗೆ ಬಂದಿತ್ತು. ಅದರಲ್ಲೊಂದು ಕಡೆ, ‘ಅವ್ವ ಒಲಿ ಮುಂದ ಕುಂತು ರೊಟ್ಟಿ ಬಡೀತಿದ್ಲು. ಅಪ್ಪ ಬಂದು ಬಾಗಿಲದಾಗ ನಿಂತ್ರು’ ಎಂದಿತ್ತು. ನಾನು ಹಳೇ ಮೈಸೂರಿನವನು. ‘ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದರು’ ಎಂದು ತಿದ್ದಿಬಿಟ್ಟೆ. ಅಪ್ಪನಿಗಿರುವ ಬಹುವಚನ ಅವ್ವನಿಗೂ ಇರಲಿ ಎಂಬ ಉದಾರತೆ ಬೇರೆ!

ಕರಡಚ್ಚು ನೋಡಿದ ಲೇಖಕರು ಫೋನ್ ಮಾಡಿದರು. ‘ಸರ, ಜ್ವಾಳದ ರೊಟ್ಟಿ ತಟ್ಟೂದಿಲ್ರಿ, ಬಡೀತಾರ. ಆ ಸಪ್ಪಳಕ್ಕ ನನಗ ಮುಂಜಾನೆ ಎಚ್ಚರ ಆಗ್ತಿತ್ತು. ಅವ್ವಗ ನಾವು ಯಾವತ್ತೂ ಬಹುವಚನ ಹಚ್ಚಿಲ್ರಿ.’

ವ್ಯಾಕರಣ ಸರಿಮಾಡಲು ಹೋಗಿ ನಾನು ಒಂದು ಸದ್ದನ್ನೇ ಅಳಿಸಿದ್ದೆ. ಅವ್ವ ಹತ್ತಿರ, ಅಪ್ಪ ದೂರ ಎಂಬ ಆ ಮನೆಯ ಲೆಕ್ಕವನ್ನೂ ಕೆಡಿಸಿದ್ದೆ.

ಅಂದಿನಿಂದ ಮೊದಲ ಮೂವತ್ತು ಪುಟಗಳನ್ನು ಪೆನ್ನು ಹಿಡಿಯದೆ ಓದುತ್ತೇನೆ. ಅನುಮಾನ ಬಂದ ರೂಪಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಎಷ್ಟು ಸಲ, ಎಲ್ಲೆಲ್ಲಿ ಬಂದಿವೆ ಎಂದು ನೋಡುತ್ತೇನೆ. ಅದೇ ಹಸ್ತಪ್ರತಿಯಲ್ಲಿ ‘ಅಧ್ಯಕ್ಷ’ ಹತ್ತಾರು ಕಡೆ ಇತ್ತು, ‘ಅದ್ಯಕ್ಷ’ ಎರಡೇ ಕಡೆ. ಅದು ಕೈತಪ್ಪು, ಕೇಳುವ ಅಗತ್ಯವಿಲ್ಲ, ತಿದ್ದಿದೆ. ಆದರೆ ‘ಕುಂತು’, ‘ಕುಳಿತು’ ಎರಡೂ ಧಾರಾಳವಾಗಿದ್ದವು. ಮತ್ತೆ ಓದಿದಾಗ ಗೊತ್ತಾಯಿತು: ಡಿಪೋದಲ್ಲಿ, ಸಾಹೇಬರ ಎದುರು ಅವರು ‘ಕುಳಿತು’ಕೊಳ್ಳುತ್ತಾರೆ, ಮನೆಯಲ್ಲಿ ‘ಕುಂತು’ಕೊಳ್ಳುತ್ತಾರೆ. ಏಕರೂಪತೆಯ ಹೆಸರಿನಲ್ಲಿ ಒಂದನ್ನು ಹೊಡೆದುಹಾಕಿದ್ದರೆ ಈ ವ್ಯತ್ಯಾಸ ಯಾರಿಗೂ ಕಾಣುತ್ತಿರಲಿಲ್ಲ.

ಹಾಗೆಂದು ಲೇಖಕರ ಧಾಟಿ ಎಂದುಕೊಂಡು ಎಲ್ಲವನ್ನೂ ಬಿಡಲಾಗದು. ‘ಕುಡಿದು ಬಂದ ಡ್ರೈವರನ ತಮ್ಮ ಜಗಳ ತೆಗೆದ’ ಎಂಬ ವಾಕ್ಯ ನೋಡಿ. ಕುಡಿದದ್ದು ಡ್ರೈವರೋ, ತಮ್ಮನೋ? ಆತ್ಮಕಥೆಯಲ್ಲಿ ಬರುವವರು ನಿಜವಾದ ಮನುಷ್ಯರು. ಕುಡಿಯದವನ ತಲೆಗೆ ಕುಡಿತ ಕಟ್ಟಬಾರದು. ಇಂಥಲ್ಲಿ ಊಹಿಸಿ ತಿದ್ದುವುದೂ ಅಪಾಯವೇ. ಅಂಚಿನಲ್ಲಿ ಪೆನ್ಸಿಲಿನಿಂದ ‘ಕುಡಿದವರು ಯಾರು?’ ಎಂದು ಬರೆದು ಕಳಿಸಿದೆ. ‘ಡ್ರೈವರನ ತಮ್ಮ ಕುಡಿದು ಬಂದು ಜಗಳ ತೆಗೆದ’ ಎಂದು ಅವರೇ ತಿದ್ದಿ ಕಳಿಸಿದರು. ಪದಗಳು ಅವರವೇ, ಜಾಗ ಬದಲಾಯಿತು, ‘ಬಂದ’ ಮಾತ್ರ ‘ಬಂದು’ ಆಯಿತು.

ಅರವಿಂದ ಮಾಲಗತ್ತಿಯವರ ಆತ್ಮಕಥೆಯ ಹೆಸರು ‘ಗೌರ್ಮೆಂಟ್ ಬ್ರಾಹ್ಮಣ’. ಉಚ್ಚಾರ ಸರಿಯಿಲ್ಲ ಎಂದು ಯಾರಾದರೂ ಅದನ್ನು ‘ಗವರ್ನಮೆಂಟ್’ ಮಾಡಿದ್ದರೆ ಆ ಹೆಸರಿನ ಕುಟುಕು ಅರ್ಧ ಇಳಿದುಹೋಗುತ್ತಿತ್ತು.

ಆತ್ಮಕಥೆ ಬರೆಯುತ್ತಿರುವವರಲ್ಲಿ ಒಂದು ಕೋರಿಕೆ. ಹಸ್ತಪ್ರತಿಯ ಜೊತೆಗೆ, ಯಾವ ಕಾರಣಕ್ಕೂ ಮುಟ್ಟಬಾರದ ನಿಮ್ಮ ಮನೆಮಾತಿನ ಪದಗಳ ಒಂದು ಪಟ್ಟಿಯನ್ನೂ ಕೊಡಿ. ಕರಡು ತಿದ್ದುವವನು ಬೇರೆ ಸೀಮೆಯವನಾಗಿರಬಹುದು.