ನಾಲ್ಕು ಕುದುರೆ, ಹನ್ನೊಂದು ಪಣ

ಬ್ರಿಟನ್ನಿನಲ್ಲಿ ಬಾಜಿ ಅಂಗಡಿಗಳು 1961ರಿಂದ ಕಾನೂನುಬದ್ಧವಾಗಿವೆ. ಅಲ್ಲಿ ಗಿರಾಕಿಯೊಬ್ಬನು ನಾಲ್ಕು ಪಂದ್ಯಗಳಿಂದ ಒಂದೊಂದು ಕುದುರೆಯನ್ನು ಆರಿಸಿ, ಚೀಟಿಯಲ್ಲಿ ‘ಒಂದು ಪೌಂಡಿನ ಯಾಂಕಿ’ ಎಂದು ಬರೆದನೆನ್ನೋಣ. ಅಂಗಡಿಯವನು ಕೇಳುವುದು 11 ಪೌಂಡು. ಇದು ಮೋಸವಲ್ಲ, ಚೀಟಿಯಲ್ಲಿ ಬರೆದ ಮೊತ್ತ ಒಂದು ಪಣದ್ದು, ಯಾಂಕಿಯೊಳಗೆ ಇರುವ ಪಣಗಳು ಹನ್ನೊಂದು.

ಕುದುರೆಗಳನ್ನು ಅ, ಆ, ಇ, ಈ ಎಂದು ಕರೆಯೋಣ. ಎರಡೆರಡರ ಜೋಡಿಗಳು ಆರು, ಇವು ಡಬಲ್‌ಗಳು. ಪ್ರತಿ ಸಲ ಒಂದನ್ನು ಬಿಟ್ಟರೆ ಮೂರರ ಕೂಟಗಳು ನಾಲ್ಕು, ಇವು ಟ್ರೆಬಲ್‌ಗಳು. ನಾಲ್ಕೂ ಸೇರಿದ ಕೂಟ ಒಂದು. ಒಟ್ಟು ಹನ್ನೊಂದು. ಮೂರೇ ಕುದುರೆಗಳಾದರೆ ಮೂರು ಡಬಲ್, ಒಂದು ಟ್ರೆಬಲ್, ಹೀಗೆ ನಾಲ್ಕು ಪಣ. ಇದರ ಹೆಸರು ಟ್ರಿಕ್ಸಿ. ಶಾಲೆಯಲ್ಲಿ ಕಲಿಸುವ ವಿಕಲ್ಪಗಳ ಲೆಕ್ಕವೇ ಇದು. ಪ್ರತಿ ಕುದುರೆಯೂ ಕೂಟದೊಳಗಿರಬಹುದು ಅಥವಾ ಹೊರಗಿರಬಹುದು. ಆದ್ದರಿಂದ ನಾಲ್ಕಕ್ಕೆ 2×2×2×2, ಅಂದರೆ 16 ಬಗೆ. ಇವುಗಳಲ್ಲಿ ಖಾಲಿ ಕೂಟ ಒಂದನ್ನೂ ಒಂಟಿ ಕುದುರೆಯ ಕೂಟ ನಾಲ್ಕನ್ನೂ ಕಳೆದರೆ ಉಳಿಯುವುದು 11.

ಯಾವುದೇ ಕೂಟದಲ್ಲಿ ಒಂದು ಕುದುರೆ ಸೋತರೂ ಆ ಪಣವೆಲ್ಲ ಹೋಯಿತು. ಎಲ್ಲವೂ ಗೆದ್ದರೆ ಮೊದಲ ಗೆಲುವಿನ ಹಣ ಅಸಲಿನೊಡನೆ ಮುಂದಿನ ಕುದುರೆಯ ಮೇಲೆ ಹೂಡಿಕೆಯಾಗುತ್ತದೆ. ಗೆದ್ದಾಗ ಒಂದು ಪೌಂಡಿಗೆ ಅಸಲು ಸೇರಿ ಕೈಗೆ ಬರುವ ಮೊತ್ತ ಅ ಕುದುರೆಗೆ 3, ಆ ಕುದುರೆಗೆ 4, ಇ ಕುದುರೆಗೆ 5, ಈ ಕುದುರೆಗೆ 2 ಪೌಂಡು ಎಂದಿರಲಿ.

ಒಂದೇ ಕುದುರೆ ಗೆದ್ದರೆ ಏನೂ ಬಾರದು. ಅ ಮತ್ತು ಈ ಮಾತ್ರ ಗೆದ್ದರೆ ಒಂದು ಡಬಲ್ ಉಳಿಯುತ್ತದೆ: 3×2=6. ಕಟ್ಟಿದ್ದು 11, ಎರಡು ಕುದುರೆ ಗೆದ್ದರೂ 5 ಪೌಂಡು ನಷ್ಟ. ಅ, ಆ, ಇ ಗೆದ್ದರೆ ಡಬಲ್‌ಗಳಿಂದ 12, 15, 20, ಟ್ರೆಬಲ್‌ನಿಂದ 60, ಒಟ್ಟು 107 ಪೌಂಡು. ತಾಳೆ ನೋಡಲು ಸುಲಭದ ದಾರಿಯಿದೆ: ಗೆದ್ದ ಪ್ರತಿ ಸಂಖ್ಯೆಗೂ ಒಂದನ್ನು ಕೂಡಿಸಿ ಗುಣಿಸಬೇಕು, 4×5×6=120; ಅದರಿಂದ ಒಂದನ್ನೂ ಮೂಲ ಸಂಖ್ಯೆಗಳ ಮೊತ್ತ 12ನ್ನೂ ಕಳೆಯಬೇಕು. ಉತ್ತರ ಮತ್ತೆ 107. ಓಡದೆ ಹಿಂತೆಗೆದ ಕುದುರೆಯನ್ನು ಸೋತದ್ದೆಂದು ಎಣಿಸುವುದಿಲ್ಲ. ಅದರ ಬೆಲೆಯನ್ನು 1 ಎಂದು ಹಿಡಿಯುತ್ತಾರೆ, ಆಗ ಡಬಲ್ ಒಂಟಿ ಪಣವಾಗುತ್ತದೆ.

ಈ ದೊಡ್ಡ ಮೊತ್ತದ ಹಿಂದೆ ಇನ್ನೊಂದು ಗುಣಾಕಾರ ಅಡಗಿದೆ. ಅಂಗಡಿಯವನು ತನ್ನ ಲಾಭವನ್ನು ಪ್ರತಿ ಕುದುರೆಯ ಬೆಲೆಯಲ್ಲೂ ಇಟ್ಟುಕೊಂಡಿರುತ್ತಾನೆ. ನ್ಯಾಯವಾದ ಬೆಲೆ 100 ಇರುವಲ್ಲಿ ಅವನು 90 ಕೊಡುತ್ತಾನೆಂದರೆ, ಡಬಲ್‌ನಲ್ಲಿ ಅದು 81ಕ್ಕೆ, ಟ್ರೆಬಲ್‌ನಲ್ಲಿ ಸುಮಾರು 73ಕ್ಕೆ, ನಾಲ್ಕರ ಕೂಟದಲ್ಲಿ ಸುಮಾರು 66ಕ್ಕೆ ಇಳಿಯುತ್ತದೆ. ಗಿರಾಕಿಯ ಆಸೆಯನ್ನು ಬೆಳೆಸುವ ಗುಣಾಕಾರವೇ ಅಂಗಡಿಯ ಪಾಲನ್ನೂ ಬೆಳೆಸುತ್ತದೆ.