ಐದು ವರ್ಷ ಕಟ್ಟಿದ ಮೇಲೆ ಅಸಲು ಎಷ್ಟು ಉಳಿಯಿತು?

ಇಪ್ಪತ್ತು ಲಕ್ಷ ರೂಪಾಯಿ ಗೃಹಸಾಲ, ವರ್ಷಕ್ಕೆ ಶೇ 9 ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು 17,994 ರೂಪಾಯಿ 52 ಪೈಸೆ. ಐದು ವರ್ಷ, ಅಂದರೆ 60 ಕಂತು, ಒಂದೂ ತಪ್ಪದೆ ಕಟ್ಟಿದ್ದಾಗಿದೆ. 240ರಲ್ಲಿ 60 ಎಂದರೆ ಕಾಲು ಭಾಗ. ಐದು ಲಕ್ಷ ತೀರಿ ಹದಿನೈದು ಲಕ್ಷ ಉಳಿದಿರಬೇಕು ಎಂದು ಬಹಳ ಮಂದಿ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿರುತ್ತಾರೆ. ಮನೆ ಮಾರಲೋ, ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲೋ ಹೊರಟ ದಿನ ತಿಳಿಯುವ ಅಂಕಿ ಬೇರೆಯೇ: ಬಾಕಿ ಅಸಲು 17,74,141 ರೂಪಾಯಿ. ಕೈಯಿಂದ ಹೋದದ್ದು ಹತ್ತು ಲಕ್ಷ ಎಂಬತ್ತು ಸಾವಿರದ ಹತ್ತಿರ. ಅದರಲ್ಲಿ ಅಸಲಿಗೆ ಸೇರಿದ್ದು ಎರಡೂಕಾಲು ಲಕ್ಷ ಮಾತ್ರ.

ಈ ಅಂಕಿ ಸರಿಯೇ ಎಂದು ನೋಡಲು ಸಾಮಾನ್ಯವಾಗಿ ಕಂತಿನ ಪಟ್ಟಿ ಬೇಕು. ಪ್ರತಿ ತಿಂಗಳಿಗೆ ಒಂದು ಸಾಲು, ಅದರಲ್ಲಿ ಬಡ್ಡಿ ಇಷ್ಟು, ಅಸಲು ಇಷ್ಟು, ಬಾಕಿ ಇಷ್ಟು. ಅರವತ್ತನೇ ಕಂತಿನ ಉತ್ತರ ಬೇಕಾದರೆ ಅರವತ್ತು ಸಾಲು ಬರೆಯಬೇಕು. ಆದರೆ ಆ ಪಟ್ಟಿಯ ಮೊದಲ ಮೂರು ಸಾಲನ್ನು ಗಮನವಿಟ್ಟು ನೋಡಿದರೆ ಉಳಿದ ಐವತ್ತೇಳನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ.

ಶೇ 9 ವಾರ್ಷಿಕ ಬಡ್ಡಿ ಎಂದರೆ ತಿಂಗಳಿಗೆ ಶೇ 0.75. ಮೊದಲ ತಿಂಗಳು ಇಪ್ಪತ್ತು ಲಕ್ಷಕ್ಕೆ ಬಡ್ಡಿ 15,000. ಕಂತಿನಲ್ಲಿ ಇದನ್ನು ಕಳೆದರೆ ಅಸಲಿಗೆ ಉಳಿಯುವುದು 2,994.52. ಎರಡನೇ ತಿಂಗಳು ಅಸಲು ಅಷ್ಟು ಇಳಿದಿರುವುದರಿಂದ ಬಡ್ಡಿ 14,977.54 ಆಗುತ್ತದೆ, ಅಸಲಿಗೆ 3,016.98 ಹೋಗುತ್ತದೆ. ಮೂರನೇ ತಿಂಗಳು ಅಸಲಿನ ಪಾಲು 3,039.61.

ಈ ಮೂರು ಅಂಕಿಗಳ ನಡುವೆ ಒಂದು ನಂಟಿದೆ. 2,994.52ನ್ನು 1.0075ರಿಂದ ಗುಣಿಸಿದರೆ 3,016.98 ಬರುತ್ತದೆ, ಅದನ್ನು ಮತ್ತೆ 1.0075ರಿಂದ ಗುಣಿಸಿದರೆ 3,039.61. ಇದು ಕಾಕತಾಳೀಯವಲ್ಲ. ಮೊದಲ ತಿಂಗಳು ತೀರಿದ 2,994.52ಕ್ಕೆ ಇನ್ನು ಮುಂದೆ ಬಡ್ಡಿ ಬೀಳುವುದಿಲ್ಲ. ಆದ್ದರಿಂದ ಎರಡನೇ ತಿಂಗಳ ಬಡ್ಡಿಯಲ್ಲಿ ಅದರ ಶೇ 0.75, ಅಂದರೆ 22 ರೂಪಾಯಿ 46 ಪೈಸೆ, ಕಡಿಮೆಯಾಗುತ್ತದೆ. ಕಂತಿನ ಮೊತ್ತ ಬದಲಾಗದ್ದರಿಂದ ಹೀಗೆ ಉಳಿದ ಹಣ ಬೇರೆಲ್ಲಿಗೂ ಹೋಗದೆ ಅಸಲಿಗೇ ಸೇರುತ್ತದೆ. ಪ್ರತಿ ತಿಂಗಳೂ ಇದೇ ನಡೆಯುತ್ತದೆ. ಕಂತು ಒಂದೇ ಇದ್ದರೂ ಅದರೊಳಗಿನ ಅಸಲಿನ ಪಾಲು ಬಡ್ಡಿಯ ದರದಲ್ಲೇ ಬೆಳೆಯುತ್ತಾ ಹೋಗುತ್ತದೆ. ಸಾಲದ ಕಂತಿನ ಬಗ್ಗೆ ತಿಳಿದಿರಬೇಕಾದ ಸಂಗತಿ ಒಂದೇ ಎಂದಾದರೆ ಅದು ಇದು ಎಂದು ನಾನು ಹೇಳುತ್ತೇನೆ. ಸೂತ್ರ ಹುಟ್ಟುವುದು ಇಲ್ಲಿಂದಲೇ.

ಅರವತ್ತು ಕಂತಿನಲ್ಲಿ ತೀರಿದ ಅಸಲು ಬೇಕಾದರೆ ಈ ಬೆಳೆಯುವ ಪಾಲುಗಳನ್ನು ಕೂಡಿದರೆ ಆಯಿತು. ಪ್ರತಿಯೊಂದೂ ಹಿಂದಿನದರ 1.0075 ಪಟ್ಟು ಇರುವುದರಿಂದ ಇದು ನಾವು ಹೈಸ್ಕೂಲಿನಲ್ಲಿ ಕಲಿತ ಗುಣೋತ್ತರ ಶ್ರೇಢಿ. ಅಂಥ ಶ್ರೇಢಿಯ ಮೊತ್ತವನ್ನು ಒಂದೊಂದಾಗಿ ಕೂಡದೆ ಒಂದೇ ಏಟಿಗೆ ತೆಗೆಯಬಹುದು: 1.0075ನ್ನು 60ರ ಘಾತಕ್ಕೆ ಏರಿಸಿ, ಒಂದು ಕಳೆದು, 0.0075ರಿಂದ ಭಾಗಿಸಬೇಕು. 1.0075ರ 60ನೇ ಘಾತ 1.565681. ಒಂದು ಕಳೆದರೆ 0.565681. ಭಾಗಿಸಿದರೆ 75.4241. ಅಸಲಿನ ಪಾಲು ಬೆಳೆಯದೆ ಮೊದಲ ತಿಂಗಳಿನಷ್ಟೇ ಇದ್ದಿದ್ದರೆ ಅದರ 60 ಪಟ್ಟು ತೀರುತ್ತಿತ್ತು, ಬೆಳೆಯುವುದರಿಂದ 75.42 ಪಟ್ಟು ತೀರುತ್ತದೆ. 2,994.52ನ್ನು 75.4241ರಿಂದ ಗುಣಿಸಿದರೆ 2,25,859. ಇಪ್ಪತ್ತು ಲಕ್ಷದಲ್ಲಿ ಇದನ್ನು ಕಳೆದರೆ 17,74,141. ಅರವತ್ತು ಸಾಲಿನ ಪಟ್ಟಿಯ ಕೊನೆಯಲ್ಲಿ ಬರುವುದೂ ಇದೇ.

ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುವುದಾದರೆ, P ಸಾಲದ ಮೊತ್ತ, E ಕಂತು, r ತಿಂಗಳ ಬಡ್ಡಿ ದರ, k ಕಟ್ಟಿದ ಕಂತುಗಳು, B ಬಾಕಿ ಅಸಲು:

```
B = P − (E − P×r) × ((1+r)^k − 1) ÷ r
```

ಮೊದಲ ಆವರಣದಲ್ಲಿರುವುದು ಮೊದಲ ತಿಂಗಳ ಅಸಲಿನ ಪಾಲು. ಮುಂದಿನದು ಅದು ಎಷ್ಟು ಪಟ್ಟಾಯಿತು ಎಂಬುದು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಅನೇಕ ಫೋನುಗಳಲ್ಲಿ ಘಾತದ ಗುಂಡಿ ಕಾಣಿಸಿಕೊಳ್ಳುತ್ತದೆ. ಸ್ಪ್ರೆಡ್‌ಶೀಟ್ ಬಳಸುವವರಿಗೆ ಇನ್ನೂ ಸುಲಭ. ಈ ಸಾಲನ್ನು ಒಂದು ಚೌಕದಲ್ಲಿ ಬರೆದರೆ ಸಾಕು:

```
=FV(0.09/12, 60, 17994.52, -2000000)
```

60ರ ಜಾಗದಲ್ಲಿ ಬೇರೆ ಸಂಖ್ಯೆ ಹಾಕಿ ನೋಡಿ. 120 ಹಾಕಿದರೆ 14,20,518 ಬರುತ್ತದೆ, ಅಂದರೆ ಅರ್ಧ ಅವಧಿ ಮುಗಿದರೂ ಅಸಲಿನ ಮೂರನೇ ಒಂದು ಭಾಗವೂ ತೀರಿರುವುದಿಲ್ಲ. ಬಾಕಿ ಹತ್ತು ಲಕ್ಷಕ್ಕಿಂತ ಕೆಳಗಿಳಿಯುವುದು 168ನೇ ಕಂತಿಗೆ, ಹದಿನಾಲ್ಕು ವರ್ಷ ತುಂಬಿದಾಗ.

ಇದೇ ಉತ್ತರಕ್ಕೆ ಇನ್ನೊಂದು ದಾರಿಯಿದೆ. ಮೇಲಿನ ಲೆಕ್ಕ ಹಿಂದೆ ತಿರುಗಿ ನೋಡುತ್ತದೆ: ಎಷ್ಟು ಸಾಲ ತೆಗೆದುಕೊಂಡೆ, ಎಷ್ಟು ತೀರಿಸಿದೆ. ಈ ದಾರಿ ಮುಂದೆ ನೋಡುತ್ತದೆ. ಇಂದು ಉಳಿದಿರುವ ಅಸಲನ್ನು ಉಳಿದ 180 ಕಂತುಗಳು ಬಡ್ಡಿ ಸಮೇತ ಸರಿಯಾಗಿ ತೀರಿಸಬೇಕು. ಆದ್ದರಿಂದ ಇನ್ನು ಕಟ್ಟಬೇಕಾದ ಕಂತುಗಳ ಇಂದಿನ ಬೆಲೆಯೇ ಇಂದಿನ ಬಾಕಿ. ಉಳಿದ ಕಂತುಗಳನ್ನು m ಎಂದರೆ:

```
B = E × (1 − (1+r)^(−m)) ÷ r
```

m ಜಾಗದಲ್ಲಿ 180 ಹಾಕಿದರೆ ಕಂತಿನ 98.5934 ಪಟ್ಟು ಬರುತ್ತದೆ. 17,994.52ನ್ನು ಅದರಿಂದ ಗುಣಿಸಿದರೆ ಮತ್ತೆ 17,74,141. ಈ ಸೂತ್ರದಲ್ಲಿ ಮೂಲ ಸಾಲದ ಮೊತ್ತವೇ ಇಲ್ಲ ಎಂಬುದನ್ನು ಗಮನಿಸಬೇಕು. ಈಗಿನ ಕಂತು, ಈಗಿನ ದರ, ಉಳಿದ ಕಂತುಗಳ ಸಂಖ್ಯೆ ಇವು ಮೂರಿದ್ದರೆ ಸಾಕು. ಹಳೆಯ ಕಾಗದಪತ್ರ ಬೇಡ.

ಇದರ ಬೆಲೆ ತಿಳಿಯುವುದು ದರ ಬದಲಾದಾಗ. ನಮ್ಮಲ್ಲಿ ಗೃಹಸಾಲಗಳು ಹೆಚ್ಚಾಗಿ ಫ್ಲೋಟಿಂಗ್ ದರದವು. ದರ ಏರಿದಾಗ ಬ್ಯಾಂಕುಗಳು ಎಷ್ಟೋ ಸಲ ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಹಿಗ್ಗಿಸುತ್ತವೆ. ಖಾತೆಯಿಂದ ಹೋಗುವ ಹಣ ಅಷ್ಟೇ ಇರುವುದರಿಂದ ಸಾಲಗಾರನಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಸಾಲದಲ್ಲೇ 24 ಕಂತಾದ ಮೇಲೆ ದರ ಶೇ 9ರಿಂದ 9.5ಕ್ಕೆ ಏರಿತು ಎಂದುಕೊಳ್ಳೋಣ. ಆಗ 60 ಕಂತನ್ನು ಒಂದೇ ಸೂತ್ರಕ್ಕೆ ಹಾಕುವಂತಿಲ್ಲ. ದರ ಬದಲಾದ ಜಾಗದಲ್ಲಿ ಲೆಕ್ಕವನ್ನು ಕತ್ತರಿಸಬೇಕು. ಮೊದಲು k 24 ಎಂದಿಟ್ಟು ಹಳೆಯ ದರದಲ್ಲಿ ಬಾಕಿ ತೆಗೆದರೆ 19,21,578. ಇದನ್ನೇ ಹೊಸ ಸಾಲ ಎಂದುಕೊಂಡು ಹೊಸ ದರದಲ್ಲಿ 36 ಕಂತಿಗೆ ಮತ್ತೊಮ್ಮೆ ಸೂತ್ರ ಹಾಕಬೇಕು. ಹೊಸ ದರದ ಮೊದಲ ತಿಂಗಳ ಬಡ್ಡಿ 15,212.49. ಅಸಲಿನ ಪಾಲು ಹಿಂದೆ ಮೂರು ಸಾವಿರ ದಾಟಿದ್ದದ್ದು 2,782.03ಕ್ಕೆ ಕುಸಿಯುತ್ತದೆ, ಸಾಲದ ಮೊದಲ ತಿಂಗಳಿಗಿಂತಲೂ ಕೆಳಗೆ. 60 ಕಂತು ಮುಗಿದಾಗ ಬಾಕಿ 18,06,219. ಅರ್ಧ ಪರ್ಸೆಂಟು, ಮೂರು ವರ್ಷ, 32,000 ರೂಪಾಯಿ ವ್ಯತ್ಯಾಸ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ಸೂಚನೆ ಹೊರಡಿಸಿತು. ಅದರಂತೆ ಸಾಲ ಕೊಟ್ಟವರು ಮೂರು ತಿಂಗಳಿಗೊಮ್ಮೆ ಸಾಲಗಾರರಿಗೆ ಒಂದು ಸ್ಟೇಟ್‌ಮೆಂಟ್ ಒದಗಿಸಬೇಕು. ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳು, ವಾರ್ಷಿಕ ದರ ಅದರಲ್ಲಿರಬೇಕು. ಎರಡನೇ ಸೂತ್ರಕ್ಕೆ ಬೇಕಾದ ಮೂರೂ ಅಂಕಿಗಳು ಅಲ್ಲೇ ಸಿಗುತ್ತವೆ.

ನಿಮ್ಮ ಲೆಕ್ಕವೂ ಬ್ಯಾಂಕಿನ ಲೆಕ್ಕವೂ ಪೈಸೆಗೆ ಪೈಸೆ ಕೂಡಬೇಕೆಂದಿಲ್ಲ. ವ್ಯತ್ಯಾಸದ ಗಾತ್ರ ನೋಡಿದರೆ ಕಾರಣ ಹೊಳೆಯುತ್ತದೆ. ಬ್ಯಾಂಕು ಕಂತನ್ನು 17,995ಕ್ಕೆ ಏರಿಸಿದ್ದರೆ ಮೊದಲ ಸೂತ್ರದ ಪ್ರಕಾರ ಬಾಕಿ 36 ರೂಪಾಯಿ ಇಳಿಯುತ್ತದೆ, ಎರಡನೆಯದರ ಪ್ರಕಾರ 47 ರೂಪಾಯಿ ಏರುತ್ತದೆ. ಇಲ್ಲಿ ನಂಬಬೇಕಾದದ್ದು ಮೊದಲನೆಯದನ್ನು. ಅದು ನಿಜವಾಗಿ ಕಟ್ಟಿದ ಹಣದ ಲೆಕ್ಕ. ಎರಡನೆಯದು ಕೊನೆಯ ಕಂತೂ ಪೂರ್ತಿ 17,995 ಎಂದುಕೊಳ್ಳುತ್ತದೆ, ಆದರೆ ಆ ಕಂತು ಸ್ವಲ್ಪ ಚಿಕ್ಕದಾಗಿರುತ್ತದೆ. ವ್ಯತ್ಯಾಸ 4,688ರ ಆಸುಪಾಸಿದ್ದರೆ ಕಂತು ಎಣಿಸುವಾಗ ಒಂದು ಹೆಚ್ಚುಕಮ್ಮಿಯಾಗಿದೆ, ಏಕೆಂದರೆ 61ನೇ ಕಂತಿನ ಅಸಲಿನ ಪಾಲು ಅಷ್ಟೇ. ಹತ್ತಾರು ಸಾವಿರದ ಅಂತರವಿದ್ದರೆ ದರ ಬದಲಾದ ತಾರೀಕುಗಳನ್ನು ಬ್ಯಾಂಕಿನಲ್ಲಿ ಕೇಳಲೇಬೇಕು. ತಿಂಗಳ ಲೆಕ್ಕದ ಬದಲು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಬ್ಯಾಂಕುಗಳಲ್ಲಿ 31 ದಿನದ ತಿಂಗಳು, ಫೆಬ್ರುವರಿ ಎಂದು ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ.

ಸಾಲ ಪೂರ್ತಿ ತೀರಿಸಲು ಹೊರಟವರು ಇನ್ನೊಂದನ್ನು ಗಮನಿಸಬೇಕು. ಸೂತ್ರ ಕೊಡುವುದು 60ನೇ ಕಂತು ಕಟ್ಟಿದ ಕ್ಷಣದ ಬಾಕಿಯನ್ನು. ಫೋರ್‌ಕ್ಲೋಷರ್ ಲೆಟರಿನಲ್ಲಿ ಅದರ ಮೇಲೆ ಅಂದಿನಿಂದ ತೀರಿಸುವ ದಿನದವರೆಗಿನ ಬಡ್ಡಿ ಸೇರಿರುತ್ತದೆ, ನಮ್ಮ ಉದಾಹರಣೆಯಲ್ಲಿ ದಿನಕ್ಕೆ 437 ರೂಪಾಯಿ. ಹನ್ನೆರಡು ದಿನ ಕಳೆದಿದ್ದರೆ ಸುಮಾರು 5,250 ಹೆಚ್ಚು ಕಂಡರೆ ಅದು ನ್ಯಾಯವಾದದ್ದೇ. ಆದರೆ ವ್ಯಕ್ತಿಗಳು ಬ್ಯಾಂಕಿನಿಂದ ಪಡೆದ ಫ್ಲೋಟಿಂಗ್ ದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಹಾಗಾಗಿ ಅಂಥ ಸಾಲದಲ್ಲಿ ಅಸಲು, ದಿನಗಳ ಬಡ್ಡಿ ಎರಡನ್ನೂ ಕೂಡಿದ ಮೇಲೂ ದೊಡ್ಡ ಮೊತ್ತ ಮಿಕ್ಕರೆ ಅದು ಯಾವ ಬಾಬ್ತು ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಸೂತ್ರ ನಿಲ್ಲದ ಕಡೆಗಳೂ ಇವೆ. ಮನೆ ಕಟ್ಟುತ್ತಿರುವಾಗ ಸಾಲ ಕಂತುಕಂತಾಗಿ ಬಿಡುಗಡೆಯಾಗಿ ಬರೀ ಬಡ್ಡಿ ಕಟ್ಟುತ್ತಿದ್ದ ತಿಂಗಳುಗಳನ್ನು k ಎಂದು ಎಣಿಸುವಂತಿಲ್ಲ. ಪೂರ್ತಿ ಕಂತು ಶುರುವಾದ ತಿಂಗಳಿನಿಂದ ಎಣಿಸಬೇಕು. ಮಧ್ಯದಲ್ಲಿ ಒಂದು ಲಕ್ಷ ಹೆಚ್ಚುವರಿ ಕಟ್ಟಿದ್ದರೆ ದರ ಬದಲಾದಾಗ ಮಾಡಿದಂತೆ ಅಲ್ಲಿ ಲೆಕ್ಕ ಕತ್ತರಿಸಿ, ಬಾಕಿಯಲ್ಲಿ ಒಂದು ಲಕ್ಷ ಕಳೆದು, ಮತ್ತೆ ಶುರು ಮಾಡಬೇಕು. ಓವರ್‌ಡ್ರಾಫ್ಟ್ ಖಾತೆಗೆ ಜೋಡಿಸಿದ ಗೃಹಸಾಲಕ್ಕೆ ಮಾತ್ರ ಇದು ಯಾವ ರೀತಿಯಲ್ಲೂ ಒಗ್ಗುವುದಿಲ್ಲ. ಅಲ್ಲಿ ಖಾತೆಗೆ ಹಣ ಬಂದ ದಿನ, ಹೋದ ದಿನ ಬಾಕಿ ಬದಲಾಗುತ್ತಿರುತ್ತದೆ. ದಿನದ ಲೆಕ್ಕದ ಸ್ಟೇಟ್‌ಮೆಂಟನ್ನೇ ನೋಡಬೇಕು.