ಟ್ರೈಗ್ಲಿಸರೈಡ್ ಸಾವಿರ ದಾಟಿದಾಗ

ರಕ್ತ ಪರೀಕ್ಷೆಯ ವರದಿ ಮನೆಗೆ ಬಂದರೆ ನಾವು ಮೊದಲು ನೋಡುವುದು ಸಕ್ಕರೆಯ ಅಂಕಿಯನ್ನು, ಅನಂತರ ಕೊಲೆಸ್ಟರಾಲನ್ನು. ಅದೇ ಕಾಗದದಲ್ಲಿ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಸಾಲು ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. 150ರೊಳಗೆ ಇರಬೇಕಾದ ಆ ಅಂಕಿ ಕೆಲವರಲ್ಲಿ ಸದ್ದಿಲ್ಲದೆ ಸಾವಿರವನ್ನೂ ದಾಟಿರುತ್ತದೆ. ಆಗ ಮೊದಲ ಅಪಾಯ ಇರುವುದು ಹೃದಯಕ್ಕಲ್ಲ, ಹೊಟ್ಟೆಯೊಳಗಿರುವ ಮೇದೋಜೀರಕ ಗ್ರಂಥಿಗೆ. ಫೈಬ್ರೇಟ್ ಎಂಬ ಗುಂಪಿನ ಮಾತ್ರೆಗಳ ಮುಖ್ಯ ಕೆಲಸವೂ ಆ ಗ್ರಂಥಿಯನ್ನು ಕಾಪಾಡುವುದೇ.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಶ್ರೀನಿವಾಸಪುರದ ಕಡೆ ಮಾವಿನ ತೋಟವಿರುವ ಮನೆಯ ನಲವತ್ತನಾಲ್ಕು ವರ್ಷದ ಒಬ್ಬ ಸಹೋದರಿಯನ್ನು ಕಲ್ಪಿಸಿಕೊಳ್ಳಿ. ತವರು ಮುಳಬಾಗಿಲು. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮುಳಬಾಗಿಲಿನ ವೈದ್ಯರೊಬ್ಬರು ಹಿಂದೆ ಅಟೋರ್ವಾಸ್ಟಾಟಿನ್ ಮಾತ್ರೆ ಬರೆದುಕೊಟ್ಟಿದ್ದರು, ಅದನ್ನು ನೆನಪಾದಾಗ ನುಂಗುತ್ತಾರೆ. ಮಾವಿನ ಕಾಲವಾದ್ದರಿಂದ ಊಟಕ್ಕೊಂದು, ಸಂಜೆಗೊಂದು ಹಣ್ಣು ನಡೆದಿದೆ. ಸುಸ್ತೆಂದು ಕೋಲಾರಕ್ಕೆ ಹೋಗಿ ರಕ್ತ ಕೊಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಕೊಳವೆಯ ಮೇಲ್ಭಾಗದಲ್ಲಿ ನಿಂತ ದ್ರವ ಹಾಲಿನಂತೆ ಬೆಳ್ಳಗಿದೆ. ಟ್ರೈಗ್ಲಿಸರೈಡ್ 1180. ಮೂರು ತಿಂಗಳ ಸಕ್ಕರೆಯ ಸರಾಸರಿ 11ಕ್ಕಿಂತ ಮೇಲೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲಿನ ಜಾಗದಲ್ಲಿ ಅಂಕಿಯೇ ಇಲ್ಲ.

ಆ ಖಾಲಿ ಜಾಗ ಪ್ರಯೋಗಾಲಯದವರ ತಪ್ಪಲ್ಲ. ಸಾಮಾನ್ಯವಾಗಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯದೆ, ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಲೆಕ್ಕ ನಂಬಿಕೆಗೆ ಅರ್ಹವಲ್ಲ. ಇಂಥ ವರದಿಯಲ್ಲಿ ಎಲ್‌ಡಿಎಲ್ ಕಡಿಮೆ ಎಂದು ಬರೆದಿದ್ದರೂ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ರಕ್ತ ಬೆಳ್ಳಗಾದದ್ದು ಏಕೆ? ನಾವು ತಿಂದ ಕೊಬ್ಬು ಸಣ್ಣ ಸಣ್ಣ ಹೊರೆಗಳಾಗಿ ರಕ್ತದಲ್ಲಿ ಸಾಗುತ್ತದೆ. ಆ ಹೊರೆಯನ್ನು ಸ್ನಾಯುಗಳ ಬಳಿ, ಕೊಬ್ಬಿನ ಕೋಶಗಳ ಬಳಿ ಇಳಿಸುವ ಒಂದು ಕಿಣ್ವವಿದೆ. ಅದು ಚೆನ್ನಾಗಿ ಕೆಲಸ ಮಾಡಲು ಇನ್ಸುಲಿನ್ ಬೇಕು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಇಳಿಸುವವರಿಲ್ಲದೆ ಹೊರೆ ರಕ್ತದಲ್ಲೇ ಉಳಿಯುತ್ತದೆ. ಇನ್ನೊಂದೆಡೆ ಹಣ್ಣು, ಶರಬತ್ತು, ಬಿಳಿ ಅನ್ನದಿಂದ ಬಂದ ಹೆಚ್ಚುವರಿ ಸಕ್ಕರೆಯನ್ನು ಪಿತ್ತಜನಕಾಂಗ ಕೊಬ್ಬಾಗಿ ಮಾಡಿ ಮತ್ತೆ ರಕ್ತಕ್ಕೇ ಬಿಡುತ್ತದೆ. ಮಾವಿನ ಹಣ್ಣಿನಲ್ಲಿ ಕೊಬ್ಬೆಲ್ಲಿದೆ ಎಂದು ನೀವು ಕೇಳಬಹುದು. ಹಣ್ಣಿನಲ್ಲಿ ಇಲ್ಲ, ಅದು ತಯಾರಾಗುವುದು ನಮ್ಮೊಳಗೆ.

ಈ ಅಂಕಿ 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ, ಸಾವಿರದ ಮೇಲೆ ಅದು ಬಹಳ ಹೆಚ್ಚುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾಗದ ನೋವು ಎದ್ದು ಬೆನ್ನಿಗೆ ಹರಿಯುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತುಸು ಹಗುರವೆನಿಸುತ್ತದೆ, ವಾಂತಿ ನಿಲ್ಲುವುದಿಲ್ಲ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಕಾಯುವ ನೋವು ಇದಲ್ಲ, ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಇಂಥವರ ರಕ್ತದಲ್ಲಿ ಕೊಬ್ಬು ತುಂಬಿರುವುದರಿಂದ ಈ ರೋಗವನ್ನು ಹಿಡಿಯುವ ಅಮೈಲೇಸ್ ಪರೀಕ್ಷೆ ಕೆಲವೊಮ್ಮೆ ಸರಿಯಾಗಿದೆ ಎಂದೇ ತೋರಿಸಿಬಿಡುತ್ತದೆ. ಹಾಗಾಗಿ "ನನಗೆ ಟ್ರೈಗ್ಲಿಸರೈಡ್ ಜಾಸ್ತಿ ಇದೆ" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಮಾತ್ರೆ ಯಾರಿಗೆ ಬೇಕು?

ಅಂಕಿ 200, 300 ಇದ್ದವರಿಗೆಲ್ಲ ಫೈಬ್ರೇಟ್ ಬೇಕಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಅನಗತ್ಯವಾಗಿ ಇದನ್ನು ನುಂಗುತ್ತಿರುವವರು ಕಡಿಮೆಯಿಲ್ಲ. ಸಕ್ಕರೆ ಕಾಯಿಲೆ ಇದ್ದು ಸ್ಟಾಟಿನ್ ಸೇವಿಸುತ್ತಿದ್ದವರಿಗೆ ಜೊತೆಯಲ್ಲಿ ಫೆನೋಫೈಬ್ರೇಟ್ ಕೊಟ್ಟು ನೋಡಿದ ಅಕಾರ್ಡ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಒಟ್ಟಾರೆಯಾಗಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. 2022ರಲ್ಲಿ ಪೆಮಾಫೈಬ್ರೇಟ್ ಎಂಬ ಹೊಸ ಮಾತ್ರೆಯ ಅಧ್ಯಯನದಲ್ಲೂ ಟ್ರೈಗ್ಲಿಸರೈಡ್ ಇಳಿಯಿತು, ಹೃದಯದ ತೊಂದರೆ ಇಳಿಯಲಿಲ್ಲ. ಹೃದಯಕ್ಕೆ ಸ್ಟಾಟಿನ್ನೇ ಮೊದಲ ಔಷಧ. ಫೈಬ್ರೇಟ್ ಮುಖ್ಯವಾಗಿ ಬೇಕಾಗುವುದು ಸಕ್ಕರೆ, ಆಹಾರ ಎಲ್ಲವನ್ನೂ ಸರಿಪಡಿಸಿದ ಮೇಲೂ 500ರ ಮೇಲೆ ನಿಂತವರಿಗೆ. ಸಾವಿರ ದಾಟಿದವರಿಗೆ ಕಾಯದೆ ಮೊದಲೇ ಶುರುಮಾಡುತ್ತಾರೆ.

ನಮ್ಮ ಸಹೋದರಿಯದು ಎರಡನೆಯ ಗುಂಪು. ವೈದ್ಯರು ಮೊದಲು ಕಾರಣ ಹುಡುಕುತ್ತಾರೆ. ಥೈರಾಯ್ಡ್ ಕಡಿಮೆಯಿದೆಯೇ, ಕಿಡ್ನಿ ಹೇಗಿದೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಮಂಡಿನೋವಿಗೆಂದು ಯಾರೋ ಕೊಟ್ಟ ಪುಡಿಯಲ್ಲಿ ಸ್ಟಿರಾಯ್ಡ್ ಸೇರಿದೆಯೇ ಎಂದು ನೋಡುತ್ತಾರೆ. ಇವೆಲ್ಲವೂ ಟ್ರೈಗ್ಲಿಸರೈಡ್ ಏರಿಸಬಲ್ಲವು. ಇಲ್ಲಿ ಕಾರಣ ಸಕ್ಕರೆಯೇ. ಆದ್ದರಿಂದ ಇನ್ಸುಲಿನ್ ಶುರುವಾಯಿತು, ಜೊತೆಗೆ ಫೆನೋಫೈಬ್ರೇಟ್ 160 ಮಿಲಿಗ್ರಾಂ, ದಿನಕ್ಕೊಂದು, ಊಟದೊಂದಿಗೆ. ಕೊಬ್ಬಿನ ಹೊರೆ ಇಳಿಸುವ ಆ ಕಿಣ್ವವನ್ನು ಈ ಮಾತ್ರೆ ಚುರುಕುಗೊಳಿಸುತ್ತದೆ. ಪೂರ್ತಿ ಫಲ ಕಾಣಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಅಡುಗೆಮನೆಯೇ ಕಾವಲು. ದಿನಕ್ಕೆ ಒಟ್ಟು 20 ಗ್ರಾಂ ಕೊಬ್ಬು ಎಂದರು ವೈದ್ಯರು. ಲೆಕ್ಕ ಹಾಕಿ ನೋಡಿ: ಒಂದು ಸಣ್ಣ ಚಮಚ ಎಣ್ಣೆ ನಾಲ್ಕೈದು ಗ್ರಾಂ. ಮಾಂಸ, ಹಾಲು, ತೆಂಗಿನಕಾಯಿಯಲ್ಲಿರುವ ಕೊಬ್ಬೂ ಸೇರಿ ಇಪ್ಪತ್ತರೊಳಗಿರಬೇಕಾದರೆ ಅವರ ಪಾಲಿನ ಅಡುಗೆಗೆ ದಿನವಿಡೀ ಎರಡು ಚಮಚ ಎಣ್ಣೆ ಮಾತ್ರ. ಡಾಲ್ಡಾದ ಬಿರಿಯಾನಿ, ಸಮೋಸ, ಮಾವಿನ ರಸ ಕೆಲವು ವಾರ ಪೂರ್ತಿ ಬಂದ್. ತೆಂಗಿನೆಣ್ಣೆಗಾಗಲಿ ಆಲಿವ್ ಎಣ್ಣೆಗಾಗಲಿ ಇಲ್ಲಿ ರಿಯಾಯಿತಿ ಇಲ್ಲ, ಈ ಹಂತದಲ್ಲಿ ಎಲ್ಲ ಕೊಬ್ಬೂ ಒಂದೇ. ಎಂಟು ವಾರದ ನಂತರ ಅಂಕಿ 310ಕ್ಕೆ ಬಂತು.

ಸ್ಟಾಟಿನ್ ಜೊತೆ ಸೇರಿದಾಗ

ಈಗ ಅಳೆಯಲು ಸಾಧ್ಯವಾದ ಎಲ್‌ಡಿಎಲ್ 138 ಎಂದು ಗೊತ್ತಾಯಿತು. ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು, ಸ್ಟಾಟಿನ್ ಬೇಕೇಬೇಕು. ವೈದ್ಯರು ಎರಡೂ ಔಷಧಗಳು ಒಂದೇ ಮಾತ್ರೆಯಲ್ಲಿರುವುದನ್ನು ಬರೆದರು: ರೋಸುವಾಸ್ಟಾಟಿನ್ 10, ಫೆನೋಫೈಬ್ರೇಟ್ 160. ಅಪಾಯ ಬಂದದ್ದು ಮನೆಯ ಔಷಧದ ಡಬ್ಬಿಯಿಂದ. ಅದರಲ್ಲಿ ಹಳೆಯ ಅಟೋರ್ವಾಸ್ಟಾಟಿನ್ ಇತ್ತು, ಮೊದಲಿನ ಫೆನೋಫೈಬ್ರೇಟ್ ಪಟ್ಟಿಯೂ ಉಳಿದಿತ್ತು. ಮೂರಕ್ಕೂ ಕಂಪನಿಯ ಹೆಸರು ಬೇರೆ ಬೇರೆ, ಆದ್ದರಿಂದ ಮೂರೂ ಬೇರೆ ಔಷಧಗಳೆಂದು ಎಣಿಸಿ ಮೂರನ್ನೂ ನುಂಗಿದರು. ಎಂದರೆ ಎರಡು ಸ್ಟಾಟಿನ್, ಎರಡು ಪಾಲು ಫೈಬ್ರೇಟ್. ಪಟ್ಟಿಯ ಮೇಲೆ ದೊಡ್ಡದಾಗಿರುವ ಕಂಪನಿಯ ಹೆಸರನ್ನಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಬೇಕು. ಓದಲಾಗದಿದ್ದರೆ ಕಾಲೇಜಿಗೆ ಹೋಗುವ ಮಗಳಿಗೆ ಕೊಡಿ, ಅವಳು ಓದುತ್ತಾಳೆ.

ಎರಡೂ ಗುಂಪಿನ ಔಷಧಗಳು ಅಪರೂಪಕ್ಕೆ ಸ್ನಾಯುಗಳಿಗೆ ತೊಂದರೆ ಕೊಡುತ್ತವೆ, ಒಟ್ಟಿಗೆ ಸೇರಿದರೆ ಆ ಸಾಧ್ಯತೆ ಹೆಚ್ಚು. ಎಷ್ಟು ಹೆಚ್ಚು ಎಂಬುದು ಯಾವ ಫೈಬ್ರೇಟ್ ಎಂಬುದರ ಮೇಲೆ ನಿಂತಿದೆ. ಜೆಮ್‌ಫೈಬ್ರೋಜಿಲ್ ಎಂಬ ಹಳೆಯ ಮಾತ್ರೆ, ದೇಹ ಸ್ಟಾಟಿನ್ನನ್ನು ಹೊರಹಾಕುವ ದಾರಿಗೇ ಅಡ್ಡ ನಿಲ್ಲುತ್ತದೆ. ಆಗ ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತದಲ್ಲಿ ಅದರ ಪ್ರಮಾಣ ಹಲವು ಪಟ್ಟು ಏರಬಹುದು. ಸೆರಿವಾಸ್ಟಾಟಿನ್ ಎಂಬ ಸ್ಟಾಟಿನ್ ಸೇವಿಸಿದ ಅನೇಕರು ಸ್ನಾಯು ಕರಗಿ, ಕಿಡ್ನಿ ಕೆಟ್ಟು ತೀರಿಕೊಂಡರು. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದವರಲ್ಲಿ, ಜೆಮ್‌ಫೈಬ್ರೋಜಿಲ್ ಜೊತೆ ಸೇವಿಸಿದವರಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬಂತು. 2001ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಫೆನೋಫೈಬ್ರೇಟ್ ಹಾಗೆ ಅಡ್ಡ ನಿಲ್ಲುವುದಿಲ್ಲ. ಆದ್ದರಿಂದ ಎರಡೂ ಬೇಕಾದವರಿಗೆ ಅದನ್ನೇ ಆರಿಸುತ್ತಾರೆ, ಸ್ಟಾಟಿನ್ ಪ್ರಮಾಣವನ್ನು ತೀರಾ ಹೆಚ್ಚು ಇಡುವುದಿಲ್ಲ. ನಿಮ್ಮ ಚೀಟಿಯಲ್ಲಿ ಜೆಮ್‌ಫೈಬ್ರೋಜಿಲ್ ಮತ್ತು ಯಾವುದೇ ಸ್ಟಾಟಿನ್ ಒಟ್ಟಿಗೆ ಕಂಡರೆ, ಬರೆದ ವೈದ್ಯರನ್ನೇ ಮತ್ತೊಮ್ಮೆ ಕೇಳಿ. ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆಂಬ ಸಂಕೋಚ ಬೇಡ.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ತೊಡಕು ಇಲ್ಲಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮೈಕೈ ನೋವು, ಮಂಡಿನೋವು ಇಲ್ಲಿ ಮನೆಮಾತು. ಹಾಗಾಗಿ ಮಾತ್ರೆಯಿಂದ ಬಂದ ನೋವನ್ನೂ "ಎಲ್ಲಾ ಈ ನೀರಿನದೇ" ಎಂದು ಬಿಟ್ಟುಬಿಡುತ್ತೇವೆ. ಎರಡನ್ನೂ ಬೇರ್ಪಡಿಸಲು ದಾರಿಯಿದೆ. ನೀರಿನ ನೋವು ವರ್ಷಗಟ್ಟಲೆ ಹಳೆಯದು, ಕೀಲುಗಳಲ್ಲಿ ಮತ್ತು ಬೆನ್ನುಮೂಳೆಯಲ್ಲಿ ಬಿಗಿತವಾಗಿ ಇರುತ್ತದೆ. ಮಾತ್ರೆಯದು ಹೊಸದು, ಔಷಧ ಶುರುವಾದ ಅಥವಾ ಪ್ರಮಾಣ ಬದಲಾದ ಕೆಲವು ವಾರ, ತಿಂಗಳಲ್ಲಿ ಬರುತ್ತದೆ. ಎರಡೂ ತೊಡೆ, ಎರಡೂ ಭುಜದ ಮಾಂಸದಲ್ಲಿ ನೋವಿರುತ್ತದೆ, ಜೊತೆಗೆ ಶಕ್ತಿಗುಂದುತ್ತದೆ. ನಿನ್ನೆ ಮೊನ್ನೆಯವರೆಗೆ ಸಜ್ದಾದಿಂದ ಸಲೀಸಾಗಿ ಏಳುತ್ತಿದ್ದವರು ಈಗ ಕೈಯೂರಿ ಏಳಬೇಕಾದರೆ, ಮೇಲಿನ ಅಟ್ಟದ ಪಾತ್ರೆ ಇಳಿಸಲು ತೋಳು ಏಳದಿದ್ದರೆ ಅನುಮಾನಿಸಿ. ಸಿಪಿಕೆ ಎಂಬ ರಕ್ತ ಪರೀಕ್ಷೆ ಉತ್ತರ ಹೇಳುತ್ತದೆ. ಅದು ಸಾಮಾನ್ಯ ಮಿತಿಯ ಹತ್ತು ಪಟ್ಟು ದಾಟಿದರೆ ಎರಡೂ ಮಾತ್ರೆ ನಿಲ್ಲಿಸುತ್ತಾರೆ.

ಆ ಹಳೆಯ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳಿಂದ ಇನ್ನೊಂದು ಕಷ್ಟವಿದೆ. ಅವು ದಿನವೂ ಹೊಟ್ಟೆಗಿಳಿದರೆ ಕಿಡ್ನಿ ನಿಧಾನವಾಗಿ ಸೊರಗಬಹುದು. ಫೆನೋಫೈಬ್ರೇಟ್ ಹೊರಹೋಗುವುದು ಕಿಡ್ನಿಯ ದಾರಿಯಲ್ಲೇ. ದಾರಿ ಕಟ್ಟಿದರೆ ಔಷಧ ದೇಹದಲ್ಲೇ ಶೇಖರವಾಗಿ ಸ್ನಾಯುಗಳಿಗೆ ತಗಲುತ್ತದೆ. ಆದ್ದರಿಂದ ಶುರುಮಾಡುವ ಮೊದಲು, ಮೂರು ತಿಂಗಳೊಳಗೆ, ಅನಂತರ ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ನೋಡಬೇಕು. ಈ ಮಾತ್ರೆಯಿಂದಲೇ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು, ನಿಲ್ಲಿಸಿದರೆ ಇಳಿಯುತ್ತದೆ. ಅಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಕಿಡ್ನಿ ತೀರಾ ಕೆಟ್ಟವರಿಗೆ, ಪಿತ್ತಕೋಶದಲ್ಲಿ ಕಲ್ಲಿರುವವರಿಗೆ, ಪಿತ್ತಜನಕಾಂಗದ ರೋಗವಿರುವವರಿಗೆ ಫೈಬ್ರೇಟ್ ಕೊಡುವುದಿಲ್ಲ. ರಕ್ತ ತೆಳುಗೊಳಿಸುವ ವಾರ್ಫರಿನ್ ಸೇವಿಸುವವರು, ಗರ್ಭಿಣಿಯರು, ಮಗುವಿಗೆ ಹಾಲೂಡಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ರಮಝಾನಿನಲ್ಲಿ ದಿನಕ್ಕೊಂದೇ ಇರುವ ಫೆನೋಫೈಬ್ರೇಟನ್ನು ಇಫ್ತಾರಿನ ನಂತರದ ಊಟಕ್ಕೆ ಸೇರಿಸಿಕೊಳ್ಳುವುದು ಸುಲಭ. ಆದರೆ ಇನ್ಸುಲಿನ್ ಇರುವವರು ಉಪವಾಸದ ಬಗ್ಗೆ ತಿಂಗಳಿಗೆ ಮುಂಚೆಯೇ ವೈದ್ಯರಲ್ಲಿ ಮಾತಾಡಬೇಕು, ರೋಗಿಗಳಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿ ಇಂಥವರಿಗೂ ಇದೆ. ಬೇಸಿಗೆಯ ಉಪವಾಸದಲ್ಲಿ ವಾಂತಿ ಭೇದಿಯಾಗಿ ದೇಹದ ನೀರು ಬತ್ತಿದರೆ ಕಿಡ್ನಿಗೆ ಪೆಟ್ಟು. ಆ ದಿನಗಳಲ್ಲಿ ಎರಡೂ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಫೋನ್ ಮಾಡಿಯಾದರೂ ಕೇಳಿ.

ಮೂತ್ರ ಹಾಲಿಲ್ಲದ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ. ಅದು ಕರಗಿದ ಸ್ನಾಯುವಿನ ಬಣ್ಣ. ಆ ಹೊತ್ತಿನ ಮಾತ್ರೆ ಬಿಟ್ಟು ಅದೇ ದಿನ ಆಸ್ಪತ್ರೆ ಸೇರಿ. ಹೊರಡುವಾಗ ಚೀಟಿ ಸಿಗದಿದ್ದರೂ ಪರವಾಗಿಲ್ಲ, ಡಬ್ಬಿಯಲ್ಲಿರುವ ಎಲ್ಲ ಮಾತ್ರೆಪಟ್ಟಿಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.